ಬಾವಿಗೆ ಗಪ್ಪಿ ಬಿಟ್ಟ ಮೇಲೆ ಏನು ನೋಡಬೇಕು?

ಮಂಗಳೂರಿನ ಮನೆಯಂಗಳದ ಬಾವಿಯನ್ನೇ ತೆಗೆದುಕೊಳ್ಳೋಣ. ಅಡ್ಡಳತೆ ಎರಡು ಮೀಟರು, ನೀರಿನ ಆಳ ಮೂರು ಮೀಟರು. ಆ ಊರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಕೊಳಚೆಗಿಂತ ತಿಳಿನೀರನ್ನು ಹೆಚ್ಚು ಇಷ್ಟಪಡುತ್ತದೆ. ಬಾವಿ, ಮುಚ್ಚಳ ಸರಿಯಿಲ್ಲದ ತಾರಸಿ ಟ್ಯಾಂಕು, ಕಟ್ಟಡ ಕೆಲಸಕ್ಕೆ ನೀರು ತುಂಬಿಟ್ಟ ತೊಟ್ಟಿ, ಇವೇ ಅದು ಮೊಟ್ಟೆಯಿಡುವ ಜಾಗಗಳು. ಬಿಸಿಲ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಇಂಥ ಬಾವಿಗೆ ನಾನು ಮೊದಲು ಹೇಳುವುದು ಗಪ್ಪಿ ಮೀನನ್ನೇ. ಬಾಯಿ ಮೇಲ್ಮುಖವಾಗಿರುವುದರಿಂದ ಅದು ನೀರಿನ ಮೇಲ್ಪದರದಲ್ಲೇ ಮೇಯುತ್ತದೆ. ಅನಾಫಿಲಿಸ್ ಮರಿಹುಳುವಿಗೆ ಉಸಿರುಕೊಳವೆ ಇಲ್ಲ, ಉಸಿರಾಡಲು ಅದು ನೀರಿನ ಮೈಗೆ ಸಮಾನಾಂತರವಾಗಿ ಮಲಗಿಕೊಂಡಿರುತ್ತದೆ. ಹೀಗಾಗಿ ಗಪ್ಪಿಗೆ ಸುಲಭವಾಗಿ ಸಿಗುತ್ತದೆ. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನು, ಸುಮಾರು ತಿಂಗಳಿಗೊಮ್ಮೆ. ಒಮ್ಮೆ ನೆಲೆಯೂರಿದರೆ ಸಂತತಿ ಬಾವಿಯಲ್ಲೇ ಮುಂದುವರಿಯುತ್ತದೆ.

ನೀರಿನ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಐದರಿಂದ ಹತ್ತು ಮೀನು ಎಂಬುದು ರೂಢಿಯ ಲೆಕ್ಕ. ನಮ್ಮ ಬಾವಿಯ ಮೇಲ್ಮೈ ಮೂರು ಚದರ ಮೀಟರಿಗಿಂತ ತುಸು ಹೆಚ್ಚು, ಹಾಗಾಗಿ 15ರಿಂದ 30 ಮೀನು ಬೇಕು. ಗಂಡಿಗಿಂತ ದೊಡ್ಡದಾದ ಹೆಣ್ಣು ಹೆಚ್ಚು ತಿನ್ನುತ್ತದೆ, ಹಾಗಾಗಿ ಹೆಣ್ಣುಮೀನುಗಳೇ ಜಾಸ್ತಿ ಇರಲಿ. ಕಟ್ಟೆಯ ಮೇಲಿನಿಂದ ಎಸೆಯಬಾರದು. ಮೀನಿರುವ ಬಕೆಟ್ಟಿಗೆ ಬಾವಿಯ ನೀರನ್ನೇ ಸ್ವಲ್ಪ ಸ್ವಲ್ಪ ಸೇರಿಸಿ ಕಾಲು ಗಂಟೆ ಬಿಟ್ಟು, ಹಗ್ಗದಲ್ಲಿ ಇಳಿಸಿ ನೀರಿನ ಮಟ್ಟದಲ್ಲಿ ಓರೆ ಮಾಡಬೇಕು. ಪಂಪಿದ್ದರೆ ಅದರ ಹೀರುಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.

ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು ವಾರ ಬಿಟ್ಟು, ಮೀನು ಬೆದರದ ಹಾಗೆ ಬಕೆಟ್ ಇಳಿಸಿ ಗೋಡೆಯಂಚಿನ ನಾಲ್ಕೈದು ಕಡೆಯಿಂದ ನೀರೆತ್ತಿ, ಬಿಳಿ ತಟ್ಟೆಗೆ ಸುರಿದು ನೋಡಿ. ಕೂದಲೆಳೆಯಂಥ ಪುಟ್ಟ ಮರಿಹುಳುಗಳಷ್ಟೇ ಕಂಡರೆ ಗಾಬರಿ ಬೇಡ. ಸೊಳ್ಳೆ ಮೊಟ್ಟೆಯಿಡುತ್ತಿದೆ, ಮೀನು ಅವನ್ನು ಬೆಳೆಯಗೊಡುತ್ತಿಲ್ಲ ಎಂದರ್ಥ. ದಪ್ಪ ಮರಿಹುಳುಗಳು ಅಥವಾ ಅಲ್ಪವಿರಾಮದಂತೆ ಬಾಗಿದ ಪ್ಯೂಪಾಗಳು ಕಂಡರೆ ಮಾತ್ರ ಮೀನು ಸಾಲದು, ಇಲ್ಲವೇ ಸತ್ತಿವೆ, ಇಲ್ಲವೇ ತೇಲುವ ಎಲೆ, ಪಾಚಿಯ ಮರೆಯಲ್ಲಿ ಮರಿಹುಳುಗಳು ಬಚಾವಾಗುತ್ತಿವೆ. ಮೊದಲು ಕಸ ತೆಗೆದು ಆಮೇಲೆ ಮೀನು ಸೇರಿಸಿ. ಗಲೀಜಿನ ಮಧ್ಯೆ ಎಷ್ಟು ಮೀನು ಬಿಟ್ಟರೂ ಪ್ರಯೋಜನವಿಲ್ಲ.

ಬಾವಿಯ ಗಪ್ಪಿ ಸಾಯಲು ಮುಖ್ಯ ಕಾರಣ ನಾವೇ ಹಾಕುವ ಬ್ಲೀಚಿಂಗ್ ಪುಡಿ. ಮಳೆಗಾಲದಲ್ಲಿ ಅದನ್ನು ಹಾಕಲೇಬೇಕು, ಏಕೆಂದರೆ ಮೀನು ಸೊಳ್ಳೆಯನ್ನು ತಡೆಯುತ್ತದೆಯೇ ಹೊರತು ಭೇದಿಯ ರೋಗಾಣುಗಳನ್ನಲ್ಲ. ಪುಡಿ ಹಾಕುವ ಮುನ್ನ ಬಲೆಯಿಂದ ಒಂದಿಷ್ಟು ಮೀನು ಹಿಡಿದು, ಬಾವಿಯ ನೀರನ್ನೇ ತುಂಬಿದ ತೊಟ್ಟಿಯಲ್ಲಿಟ್ಟು, ಮೂರ್ನಾಲ್ಕು ದಿನ ಕಳೆದು ಕ್ಲೋರಿನ್ ವಾಸನೆ ಹೋದ ಮೇಲೆ ಮರಳಿ ಬಿಡಿ. ಮೊದಲು ಎರಡೇ ಮೀನು ಬಿಟ್ಟು, ಮರುದಿನವೂ ಬದುಕಿದ್ದರೆ ಉಳಿದವನ್ನು ಬಿಡುವುದು ಇನ್ನೂ ಕ್ಷೇಮ.

ಮೀನು ನಿಲ್ಲದ ಕಡೆ ಲಾರ್ವಾನಾಶಕ ಬೇಕಾಗುತ್ತದೆ. ಕುಡಿಯುವ ನೀರಿನಲ್ಲಿ ಟೆಮೆಫಾಸ್ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬಾವಿಯಲ್ಲಿರುವುದು ಸುಮಾರು 9,400 ಲೀಟರು. ಶೇಕಡ 50ರ ದ್ರಾವಣವಾದರೆ ಹೆಚ್ಚೆಂದರೆ 19 ಮಿಲಿಲೀಟರು, ಶೇಕಡ 1ರ ಮರಳುಹರಳಾದರೆ ಹೆಚ್ಚೆಂದರೆ 940 ಗ್ರಾಂ. ಕಣ್ಣಂದಾಜಿನಲ್ಲಿ ಸುರಿಯುವ ವಸ್ತು ಇದಲ್ಲ. ಬಾವಿಯನ್ನು ಅಳೆದು, ಲೆಕ್ಕ ಹಾಕಿ, ಆರೋಗ್ಯ ಇಲಾಖೆಯವರ ಕೈಯಿಂದಲೇ ಹಾಕಿಸಬೇಕು. ಡ್ರಮ್ಮಿನಲ್ಲಿ ಇದು ವಾರಗಟ್ಟಲೆ ನಿಲ್ಲಬಹುದು. ಬಾವಿಯಲ್ಲಿ ದಿನವೂ ನೀರು ಸೇದುತ್ತೇವೆ, ಒರತೆಯಿಂದ ಹೊಸ ನೀರು ಬರುತ್ತದೆ, ಮದ್ದು ಬೇಗ ತೆಳುವಾಗುತ್ತದೆ.

ತಾವರೆಕೊಳ, ಕಾರಂಜಿತೊಟ್ಟಿಗಳಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿ ಹೆಚ್ಚು ಹೊಂದುತ್ತದೆ. ಮರಿಹುಳು ಅದನ್ನು ತಿಂದಾಗ ಕ್ಷಾರೀಯವಾದ ಅದರ ಕರುಳಿನಲ್ಲಿ ವಿಷ ಬಿಡುಗಡೆಯಾಗಿ ಕರುಳು ಹರಿಯುತ್ತದೆ. ಮೀನಿಗೆ ತೊಂದರೆಯಿಲ್ಲ, ಹಾಗಾಗಿ ಎರಡನ್ನೂ ಒಟ್ಟಿಗೆ ಬಳಸಬಹುದು. ಆದರೆ ಪ್ಯೂಪಾ ಏನನ್ನೂ ತಿನ್ನುವುದಿಲ್ಲ, ಅದಕ್ಕೆ ಈ ಪುಡಿ ತಾಗದು. ಹಾಕಿದ ಮರುದಿನವೂ ಸೊಳ್ಳೆ ಏಳುವುದು ಇದೇ ಕಾರಣಕ್ಕೆ. ಪರಿಣಾಮ ಒಂದೆರಡು ವಾರವಷ್ಟೇ ಇರುವುದರಿಂದ ಮತ್ತೆ ಹಾಕಬೇಕು.

ಇನ್ನೊಂದು ಮೀನಾದ ಗಾಂಬೂಸಿಯಾ ಬಗ್ಗೆ ಮಾತ್ರ ನನಗೆ ಆತಂಕವಿದೆ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಇದು ಮರಿಹುಳು ತಿನ್ನುವುದರಲ್ಲಿ ಗಪ್ಪಿಗೆ ಕಡಿಮೆಯೇನಲ್ಲ. ಆದರೆ ಗೊದಮೊಟ್ಟೆಗಳನ್ನೂ ಸ್ಥಳೀಯ ಮೀನುಮರಿಗಳನ್ನೂ ಬಿಡುವುದಿಲ್ಲ. ಗಪ್ಪಿಯೂ ಹೊರಗಿನದೇ. ಆದ್ದರಿಂದ ಹಳ್ಳ, ಕೆರೆ, ನದಿಗೆ ಇವೆರಡನ್ನೂ ಬಿಡಬೇಡಿ. ಕೊಳ ತುಂಬಿ ಚರಂಡಿಗೆ ಹರಿಯುವುದಾದರೆ ಅದರ ಹೊರಗಂಡಿಗೆ ಜಾಲರಿ ಹಾಕಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವ ಹಳೆ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆಗಳಿಗೆ ಮೀನೂ ಬೇಡ, ಮದ್ದೂ ಬೇಡ. ವಾರಕ್ಕೊಮ್ಮೆ ಆ ನೀರನ್ನು ನೆಲಕ್ಕೆ ಚೆಲ್ಲಿದರೆ ಸಾಕು.