ಅಂಕಿಯ ಬೆನ್ನಿಗೆ ನಿಂತ ಋಣಚಿಹ್ನೆ

ಹಳೆಯ ಮೇನ್‌ಫ್ರೇಮ್ ಗಣಕದಿಂದ ಇಳಿಸಿದ ಲೆಕ್ಕದ ಕಡತವನ್ನು ಮೊದಲ ಸಲ ತೆರೆದವರಿಗೆ `300.00-` ಎಂಬ ಬರಹ ಮುದ್ರಣದೋಷವೆಂದೇ ತೋರುವುದು. ವಾಸ್ತವದಲ್ಲಿ ಅದನ್ನು ಹಾಗೆ ಬರೆಯಿಸಿದವರು ಬುದ್ಧಿಪೂರ್ವಕವಾಗಿಯೇ ಬರೆಯಿಸಿದರು. ಕೋಬಾಲ್ ಭಾಷೆಯಲ್ಲಿ, ಮುದ್ರಿಸತಕ್ಕ ಸಂಖ್ಯೆಯ ಆಕಾರವನ್ನು `PIC ZZZ,ZZ9.99-` ಎಂಬಂತೆ ಮೊದಲೇ ಗೊತ್ತುಪಡಿಸುತ್ತಿದ್ದರು. ಮೊತ್ತವು ಋಣವಾದರೆ ಕೊನೆಯ ಸ್ಥಾನದಲ್ಲಿ ಮೈನಸ್ ಬೀಳುವುದು, ಧನವಾದರೆ ಆ ಸ್ಥಾನ ತೆರವಾಗಿ ಉಳಿಯುವುದು. ಅಂಕಿಗಳು ಎಷ್ಟೇ ಹೆಚ್ಚುಕಡಿಮೆಯಾದರೂ ಚಿಹ್ನೆಯು ಒಂದೇ ನೇರದಲ್ಲಿ ನಿಲ್ಲುವುದರಿಂದ, ಉದ್ದನೆಯ ಕಾಗದದ ಬಲ ಅಂಚಿನಲ್ಲಿ ಕಣ್ಣಿಳಿಸುತ್ತ ಹೋದ ಗುಮಾಸ್ತರಿಗೆ ಋಣದ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತಿದ್ದವು.

ಕಾಗದದ ಮೇಲೆ ಇಷ್ಟು ಉಪಕಾರಿಯಾದ ಈ ಕ್ರಮ ಎಕ್ಸೆಲ್ ಹಾಳೆಯಲ್ಲಿ ಅಪಾಯಕಾರಿಯಾಗುತ್ತದೆ. 1250.00, 300.00-, 75.50, 40.25-, 2000.00 ಎಂಬ ಐದು ಸಾಲುಗಳನ್ನು ತೆಗೆದುಕೊಳ್ಳೋಣ. ನಿಜವಾದ ಮೊತ್ತ 2985.25. ಋಣದ ಎರಡು ಸಾಲುಗಳು ಸಂಖ್ಯೆಯಾಗದೆ ಬರಿಯ ಅಕ್ಷರಗಳಾಗಿ ನಿಂತರೆ, ಅವು ಕೋಶದ ಎಡಕ್ಕೆ ಸರಿದಿರುತ್ತವೆ; `SUM` ಅವನ್ನು ಯಾವ ಸೂಚನೆಯನ್ನೂ ಕೊಡದೆ ಬಿಟ್ಟುಬಿಟ್ಟು 3325.50 ಎಂದು ಹೇಳುತ್ತದೆ. ವ್ಯತ್ಯಾಸ 340.25, ಎಂದರೆ ಬಿಟ್ಟುಹೋದ ಎರಡು ಸಾಲುಗಳ ಮೊತ್ತವೇ. ಇನ್ನು ಯಾರಾದರೂ ಆತುರದಿಂದ ಮೈನಸ್‌ಗಳನ್ನು ಅಳಿಸಿಬಿಟ್ಟಿದ್ದರೆ ಉತ್ತರ 3665.75 ಬರುವುದು, ಆಗ ವ್ಯತ್ಯಾಸ 680.50, ಸರಿಯಾಗಿ ಇಮ್ಮಡಿ. ಸಾಲು ಬಿಟ್ಟುಹೋಯಿತೋ, ಚಿಹ್ನೆ ಕಳೆದುಹೋಯಿತೋ ಎಂಬುದನ್ನು ತಿಳಿಯಲು ಇದಕ್ಕಿಂತ ಸುಲಭವಾದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಪರಿಹಾರ ದೊಡ್ಡದಲ್ಲ. ಕಂಬವನ್ನು ಆರಿಸಿ `Text to Columns` ತೆರೆದು, ಮೂರನೆಯ ಹಂತದ `Advanced` ಒಳಗೆ `Trailing minus for negative numbers` ಎಂಬಲ್ಲಿ ಗುರುತಿದ್ದರೆ ಸಾಕು. ಸೂತ್ರದಿಂದಲೇ ಮಾಡಬೇಕೆನ್ನುವವರಿಗೆ ಇದು:

```
=IF(RIGHT(TRIM(A2),1)="-",
  -LEFT(TRIM(A2),LEN(TRIM(A2))-1),
  A2*1)
```

ಇಲ್ಲಿ `TRIM` ಅಲಂಕಾರಕ್ಕೆ ಬಂದುದಲ್ಲ. ಮೈನಸ್‌ನ ಆಚೆ ಒಂದು ಖಾಲಿ ಜಾಗ ಉಳಿದಿದ್ದರೂ `RIGHT` ಆ ಖಾಲಿಯನ್ನೇ ಕೊನೆಯ ಅಕ್ಷರವೆಂದು ಓದಿಬಿಡುತ್ತದೆ. ಕಡತದುದ್ದಕ್ಕೂ ಅಂಕಿಯ ಹಿಂದಿನ ಗೆರೆಯನ್ನೆಲ್ಲ ಒಂದೇ ಏಟಿಗೆ ಮುಂದಕ್ಕೆ ತರುವ ಆಸೆಯನ್ನಂತೂ ಬಿಡಬೇಕು, ಏಕೆಂದರೆ 12-04-1987 ಎಂಬ ದಿನಾಂಕದಲ್ಲಿಯೂ ಅಂಕಿಯ ಹಿಂದೆ ಗೆರೆಯಿದೆ. ಮೊತ್ತದ ಕಂಬವೊಂದನ್ನೇ ಮುಟ್ಟತಕ್ಕದ್ದು.

ಇವೆಲ್ಲಕ್ಕಿಂತ ಕಠಿನವಾದ ಪ್ರಸಂಗ ಇನ್ನೊಂದಿದೆ. ಸ್ಥಿರ ಅಗಲದ ಕಡತವನ್ನು ಕಂಬಗಳಾಗಿ ಒಡೆಯುವಾಗ ವಿಭಜನೆಯ ಗೆರೆ ಒಂದು ಸ್ಥಾನ ಎಡಕ್ಕೆ ಬಿದ್ದರೆ, ಮೈನಸ್ ಪಕ್ಕದ ಕಂಬಕ್ಕೆ ಸೇರಿಹೋಗಿ, ಋಣದ ಮೊತ್ತಗಳು ನಿಷ್ಕಳಂಕ ಧನಸಂಖ್ಯೆಗಳಾಗಿ ಬಲಕ್ಕೆ ಸಾಲಾಗಿ ನಿಲ್ಲುತ್ತವೆ. ಆಗ ಮೊತ್ತದ ಕಂಬವನ್ನಷ್ಟೇ ನೋಡುವ ಯಾವ ಸೂತ್ರವೂ ಅವನ್ನು ಗುರುತಿಸಲಾರದು. ಮೂಲ ವರದಿಯ ಕೊನೆಯಲ್ಲಿ ಮುದ್ರಿತವಾದ ಒಟ್ಟು ಮೊತ್ತವನ್ನು ತಾಳೆನೋಡಿ, ವ್ಯತ್ಯಾಸವಿದ್ದರೆ ಕಡತವನ್ನು ಮೊದಲಿನಿಂದ ಒಡೆಯಬೇಕು.