ಕೇಳಿಲ್ಲದ್ದನ್ನೂ ಬರೆಯಬೇಕು: ವಿಡಿಯೊ ಸಮಾಲೋಚನೆಯ ಟಿಪ್ಪಣಿ

ಫೋನು, ವಿಡಿಯೊ ಮೂಲಕ ರೋಗಿಯನ್ನು ನೋಡುವ ವೈದ್ಯರಿಗೆ ನಮ್ಮ ದೇಶದಲ್ಲಿ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು. ಅದರಂತೆ ಹೆಸರಿಲ್ಲದ ರೋಗಿಗೆ ಸಮಾಲೋಚನೆ ಇಲ್ಲ. ಪ್ರತಿ ಭೇಟಿಗೂ ದಾಖಲೆ ಇರಬೇಕು. ಆ ದಾಖಲೆ ಹೇಗಿರಬೇಕೆಂಬುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ನೋಡೋಣ.

ಬೆಂಗಳೂರಿನಿಂದ ಮಗ ಕರೆ ಮಾಡುತ್ತಾನೆ. "ಊರಲ್ಲಿ ಅಮ್ಮನಿಗೆ ನಾಲ್ಕು ದಿನದಿಂದ ಕೆಮ್ಮು, ಏನಾದ್ರೂ ಬರೆದುಕೊಡಿ ಸಾರ್." ಇಲ್ಲಿ ರೋಗಿ ತಾಯಿ, ಮಗನಲ್ಲ. ಹಾಗಾಗಿ ವೈದ್ಯರು ತಾಯಿಯನ್ನೇ ಕರೆಗೆ ಸೇರಿಸಿಕೊಳ್ಳುತ್ತಾರೆ. ಹೆಸರು, ವಯಸ್ಸು, ವಿಳಾಸ ಅವರ ಬಾಯಿಂದಲೇ ಕೇಳಿ, ಗುರುತಿನ ಚೀಟಿಯ ಫೋಟೊವನ್ನು ಮುಖದೊಂದಿಗೆ ಹೋಲಿಸುತ್ತಾರೆ. ತಮ್ಮ ಹೆಸರು, ನೋಂದಣಿ ಸಂಖ್ಯೆಯನ್ನೂ ತಿಳಿಸುತ್ತಾರೆ. ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಗುರುತಿನ ಚೀಟಿಯಷ್ಟೇ ಮುಖ್ಯ. ಕರೆಯ ನಡುವೆ ಉಸಿರು ಕಟ್ಟಿದರೆ 108ಕ್ಕೆ ಹೇಳಬೇಕಾದದ್ದು ಆ ಮನೆಯ ಗುರುತನ್ನು.

ತಾಯಿಯೇ ಕರೆ ಮಾಡಿದ್ದರೆ ಒಪ್ಪಿಗೆ ಇದೆಯೆಂದೇ ಲೆಕ್ಕ. ಮಗ ಕರೆ ಮಾಡಿದ್ದರಿಂದ ಅದನ್ನು ಬಾಯಿಬಿಟ್ಟು ಕೇಳಬೇಕು. ಟಿಪ್ಪಣಿಯಲ್ಲಿ "ಒಪ್ಪಿಗೆ: ಹೌದು" ಎಂದು ಗುರುತು ಹಾಕಿದರೆ ಸಾಲದು. "ಬೆಳಿಗ್ಗೆ 10.20, ವಿಡಿಯೊದಲ್ಲಿ ತಾಯಿ ಹೇಳಿದ್ದು: ಹೀಗೆ ನೋಡಿ, ಮಗನೂ ಕೇಳಿಸಿಕೊಳ್ಳಲಿ" ಎಂದಿರಬೇಕು.

ಹೆಚ್ಚು ಎಡವುವುದು ಪರೀಕ್ಷೆಯ ಭಾಗದಲ್ಲಿ. ಕಂಪ್ಯೂಟರಿನ ಸಿದ್ಧ ನಮೂನೆಯಲ್ಲಿ "ಎದೆ: ಸಹಜ" ಎಂದು ಮೊದಲೇ ತುಂಬಿದ್ದರೆ, ಯಾರೂ ಸ್ಟೆತಾಸ್ಕೋಪ್ ಇಡದ ಎದೆಗೆ ಸಹಜವೆಂಬ ಪಟ್ಟ ಸಿಕ್ಕಿಬಿಡುತ್ತದೆ. ಮುಂದೆ ನೋಡುವ ವೈದ್ಯರು ಅದನ್ನು ನಂಬುತ್ತಾರೆ. ಆದ್ದರಿಂದ ಪ್ರತಿ ಸಂಗತಿಯ ಮುಂದೆ ಅದು ತಿಳಿದ ದಾರಿಯನ್ನೂ ಬರೆಯಬೇಕು:

"ಉಸಿರಾಟ: ನಿಮಿಷಕ್ಕೆ 26, ವಿಡಿಯೊದಲ್ಲಿ ಪೂರ್ತಿ ಒಂದು ನಿಮಿಷ ಎಣಿಸಿದ್ದು. ಒಂದೇ ಉಸಿರಿಗೆ ವಾಕ್ಯ ಮುಗಿಸಲಾಗುತ್ತಿಲ್ಲ. ಕಾಲು: ಪಕ್ಕದ ಮನೆಯಾಕೆ ಬೆರಳಿಂದ ಒತ್ತಿದಾಗ ಕುಳಿ ಉಳಿಯಿತು. ಬಿಪಿ: 160/94, ಮನೆಯ ಯಂತ್ರ, ನಿಖರತೆ ಗೊತ್ತಿಲ್ಲ. ಆಮ್ಲಜನಕ ಮಟ್ಟ: ಅಳೆದಿಲ್ಲ, ಸಾಧನವಿಲ್ಲ. ಎದೆ: ಕೇಳಿಲ್ಲ."

ಕೆಮ್ಮೆಂದು ಬಂದ ಕರೆ ಈಗ ಬೇರೆಯಾಗಿ ಕಾಣುತ್ತದೆ. ಇದು ನ್ಯುಮೋನಿಯಾ ಇರಬಹುದು, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಎರಡರ ಚಿಕಿತ್ಸೆಯೂ ಬೇರೆ; ಎದೆಗೆ ಕಿವಿಗೊಡದೆ, ಎಕ್ಸ್‌-ರೇ ಇಲ್ಲದೆ ಬಿಡಿಸಿ ಹೇಳಲಾಗದು. ಮಗ ಕೇಳಿದ ಕೆಮ್ಮಿನ ಸಿರಪ್ ಬರೆದುಕೊಟ್ಟರೆ ಹೊತ್ತು ಕಳೆದೀತಷ್ಟೇ.

ಹಾಗಾಗಿ ಕೊನೆಯ ಸಾಲುಗಳು ಹೀಗೆ: "ದೂರದಿಂದ ನಿರ್ಧರಿಸಲಾಗದು. ಔಷಧಿ ಬರೆದಿಲ್ಲ. ತಕ್ಷಣ 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳಿದೆ. ಆಂಬುಲೆನ್ಸ್ ಬರುವವರೆಗೆ ಒರಗಿ ಕೂರಿಸಿ, ಒಬ್ಬರನ್ನೇ ಬಿಡಬೇಡಿ ಎಂದು ಪಕ್ಕದ ಮನೆಯಾಕೆಗೆ ತಿಳಿಸಿದೆ. ಅವರು ಮರಳಿ ಹೇಳಿ ಖಚಿತಪಡಿಸಿದರು. ಮಧ್ಯಾಹ್ನ 12ಕ್ಕೆ ಮಗನಿಗೆ ಫೋನು ಮಾಡಿ ವಿಚಾರಿಸಬೇಕು."