ನಡೆಯುತ್ತಿರುವ ಪಾರ್ಲರ್ ಕೊಳ್ಳುವ ಮುನ್ನ

ನಡೆಯುತ್ತಿರುವ ಬ್ಯೂಟಿ ಪಾರ್ಲರ್ ಮಾರಾಟಕ್ಕೆ ಬಂದಾಗ ಬೆಲೆ ಹೇಳುವುದು ಒಟ್ಟಾಗಿಯೇ: ‘ಸೆಟ್ ಆಗಿರೋ ಪಾರ್ಲರ್, ಆರು ಲಕ್ಷ.’ ಆ ಆರು ಲಕ್ಷದೊಳಗೆ ಜಾಗ, ಸಾಮಾನು, ಗಿರಾಕಿ ಎಂಬ ಮೂರು ಬಾಬತ್ತುಗಳಿರುತ್ತವೆ. ಇವುಗಳಲ್ಲಿ ಮಾರುವವರ ಸ್ವಂತದ್ದು ಸಾಮಾನು ಮಾತ್ರ. ಜಾಗ ಕಟ್ಟಡದ ಮಾಲೀಕರದು, ಗಿರಾಕಿಗಳು ಯಾರ ಸ್ವತ್ತೂ ಅಲ್ಲ. ಆದರೂ ಬೆಲೆಯ ದೊಡ್ಡ ಪಾಲು ಹೋಗುವುದು ಈ ಎರಡಕ್ಕೇ.

ಕರ್ನಾಟಕದ ಊರುಗಳಲ್ಲಿ ಸಣ್ಣ ಪಾರ್ಲರ್‌ಗಳು ಹೆಚ್ಚಾಗಿ 11 ತಿಂಗಳ ಬಾಡಿಗೆ ಕರಾರಿನ ಮೇಲೆ ನಡೆಯುತ್ತವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಎರಡೂ ಕಡೆಯವರು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಈ ಕರಾರು ಮಾರುವವರ ಹೆಸರಿನಲ್ಲಿರುತ್ತದೆ. ಜಾಗವನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು, ವಹಿಸಬಾರದು ಎಂಬ ಷರತ್ತೂ ಅದರಲ್ಲಿ ಸಾಮಾನ್ಯ. ಹಾಗಾಗಿ ಪೂರ್ತಿ ಹಣ ಕೊಟ್ಟು ಬೀಗದ ಕೈ ಪಡೆದರೂ ಕೊಂಡವರು ಬಾಡಿಗೆದಾರರಾಗುವುದಿಲ್ಲ. ‘ಓನರ್ ಏನೂ ಅನ್ನಲ್ಲ, ನಾನು ಹೇಳ್ತೀನಿ’ ಎಂಬ ಮಾತಿನ ಮೇಲೆ ಟೋಕನ್ ಅಡ್ವಾನ್ಸ್ ಕೊಡುವುದು ಈ ವ್ಯವಹಾರದಲ್ಲಿ ಆಗುವ ಅತಿ ದುಬಾರಿ ತಪ್ಪು. ಮೊದಲು ಮಾಲೀಕರನ್ನೇ ಕಂಡು, ಕೊಳ್ಳುವವರ ಹೆಸರಿಗೆ ಹೊಸ ಕರಾರು ಮಾಡಿಕೊಡಲು ಒಪ್ಪಿಸಬೇಕು.

ಹಳೆಯ ಕರಾರಿನಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ, ನವೀಕರಣಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್ ಎಂಬುದನ್ನು ಮೊದಲು ಓದಬೇಕು. ಮಾಲೀಕರ ಬಳಿ ಇರುವ ಅಡ್ವಾನ್ಸ್ ಹಣದ್ದು ಬೇರೆಯದೇ ಪೇಚು. ಮಾರುವವರು ಅದನ್ನು ತಮ್ಮ ಬೆಲೆಗೆ ಸೇರಿಸಿರುತ್ತಾರೆ. ಅಡ್ವಾನ್ಸ್ ಇನ್ನು ಮುಂದೆ ಕೊಳ್ಳುವವರದು ಎಂದು ಹೊಸ ಕರಾರಿನಲ್ಲಿ ಬರೆಯದಿದ್ದರೆ ಅದನ್ನು ವಾಪಸು ಕೇಳುವ ಹಕ್ಕು ಹಳಬರಿಗೇ ಉಳಿಯುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿ ಇರುವುದರಿಂದ ಅದು ಯಾರ ಲೆಕ್ಕಕ್ಕೆ ಎಂಬುದೂ ಆಗಲೇ ತೀರ್ಮಾನವಾಗಲಿ. ಟ್ರೇಡ್ ಲೈಸೆನ್ಸ್ ಕೂಡ ಹಳಬರ ಹೆಸರಿನದೇ, ಹೊಸದಾಗಿ ಮಾಡಿಸಬೇಕು. ಕರೆಂಟ್ ಬಿಲ್‌ನಲ್ಲಿ ಬಾಕಿ ಇದೆಯೇ, ಮೀಟರ್ ವಾಣಿಜ್ಯ ಬಳಕೆಯದೇ ಎಂದು ಒಮ್ಮೆ ಕಣ್ಣಾಡಿಸಿದರೆ ಸಾಕು.

ಸಾಮಾನು ನೋಡಲು ಅಂಗಡಿ ಮುಚ್ಚಿದ ಮೇಲೆ ಹೋಗುವುದಕ್ಕಿಂತ ಶನಿವಾರ, ಭಾನುವಾರದ ರಶ್ ಹೊತ್ತಿನಲ್ಲಿ ಹೋಗುವುದು ಮೇಲು. ಎಸಿ, ಗೀಸರ್, ಡ್ರೈಯರ್, ವ್ಯಾಕ್ಸ್ ಹೀಟರ್ ಎಲ್ಲ ಒಟ್ಟಿಗೆ ಓಡುವಾಗ ಎಂಸಿಬಿ ಬೀಳುತ್ತದೆಯೋ ಇಲ್ಲವೋ ಆಗಲೇ ಗೊತ್ತಾಗುವುದು. ಹೈಡ್ರಾಲಿಕ್ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ ಪೂರ್ತಿ ಎತ್ತರಿಸಿ ಹತ್ತು ನಿಮಿಷ ಹಾಗೇ ಬಿಡಬೇಕು. ಕುರ್ಚಿ ತಾನಾಗಿ ಕೆಳಗಿಳಿದರೆ, ಬುಡದ ತಟ್ಟೆಯ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಪಂಪಿನ ಸೀಲ್ ಹೋಗಿದೆ ಎಂದರ್ಥ. ಮೇಲೆ ಹೊಸ ರೆಗ್ಸಿನ್ ಹೊದಿಸಿದರೆ ಇದು ಮರೆಯಾಗುವುದಿಲ್ಲ. ಬೋರ್‌ವೆಲ್ ನೀರಿನ ಊರುಗಳಲ್ಲಿ ಗೀಸರ್ ಮತ್ತು ಸ್ಟೀಮರ್‌ಗಳಲ್ಲಿ ಸುಣ್ಣ ಕಟ್ಟುತ್ತದೆ: ನೀರು ಕಾಯುವಾಗ ಒಳಗೆ ಕೊತಕೊತ ಸದ್ದು, ಮೊದಲಿಗಿಂತ ಹೆಚ್ಚು ಹೊತ್ತು. ತಲೆ ತೊಳೆಯುವ ಬೇಸಿನ್ನುಗಳ ನಲ್ಲಿಗಳನ್ನು ಒಟ್ಟಿಗೆ ತೆರೆದು ನೀರು ನಿಲ್ಲುತ್ತದೆಯೇ ನೋಡಬೇಕು. ವರ್ಷಗಟ್ಟಲೆಯ ಕೂದಲು ಪೈಪಿನಲ್ಲಿ ಕೂತಿದ್ದರೆ ನೆಲ ಒಡೆಯುವ ಕೆಲಸ ಬರುತ್ತದೆ. ಲೇಸರ್ ಅಥವಾ ಐಪಿಎಲ್ ಯಂತ್ರವಿದ್ದರೆ ಹೊರಗಿನ ಹೊಳಪು ಲೆಕ್ಕಕ್ಕಿಲ್ಲ. ಹ್ಯಾಂಡ್‌ಪೀಸ್ ಇಂತಿಷ್ಟು ಶಾಟ್‌ಗಳಿಗೆ ಎಂದಿರುವುದರಿಂದ ಯಂತ್ರದ ಪರದೆಯಲ್ಲಿ ಆಗಿರುವ ಶಾಟ್‌ಗಳ ಎಣಿಕೆ ನೋಡಬೇಕು. ದುಬಾರಿ ಯಂತ್ರಗಳ ಬಿಲ್ ಕೇಳುವುದೂ ಅಷ್ಟೇ ಮುಖ್ಯ. ಕಂತು ಬಾಕಿಯಿರುವ ಯಂತ್ರವನ್ನು ಫೈನಾನ್ಸ್‌ನವರು ಹುಡುಕಿಕೊಂಡು ಬರುವುದು ಅದು ಇರುವ ಜಾಗಕ್ಕೆ.

ಸಾಮಾನನ್ನು ಕಣ್ಣಾರೆ ನೋಡಬಹುದು, ಗಿರಾಕಿಯನ್ನು ಪುಸ್ತಕದಲ್ಲೇ ನೋಡಬೇಕು. ರಿಜಿಸ್ಟರಿನಲ್ಲಿ ಸಾವಿರಾರು ಹೆಸರು, ಮೊಬೈಲ್ ನಂಬರ್ ಇರುವುದು ದೊಡ್ಡ ವಿಷಯವಲ್ಲ. ಮದುವೆ ಮೇಕಪ್‌ಗೆ ಒಮ್ಮೆ ಬಂದು ಹೋದವರೂ ಅದರಲ್ಲಿರುತ್ತಾರೆ. ಐಬ್ರೋ ಮಾಡಿಸುವವರು ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ, ವ್ಯಾಕ್ಸಿಂಗ್‌ನವರು ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಬರಬೇಕು. ಹಾಗೆ ಕಳೆದ ಮೂರು ತಿಂಗಳಲ್ಲಿ ಎರಡು ಸಲವಾದರೂ ಬಂದವರು ಎಷ್ಟು ಜನ ಎಂದು ಎಣಿಸಿದರೆ ನಿಜವಾದ ಗಿರಾಕಿ ಬಳಗ ಸಿಗುತ್ತದೆ. ಅವರಲ್ಲಿ ಯಾರಿಗೆ ಯಾವ ಸಿಬ್ಬಂದಿಯ ಕೈಯೇ ಆಗಬೇಕು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಆ ಹುಡುಗಿ ಕೆಲಸ ಬಿಟ್ಟರೆ ಅವಳ ಹಿಂದೆಯೇ ಅವರೂ ಹೋಗುತ್ತಾರೆ.

ಆದಾಯ ತೋರಿಸಲು ಮಾರುವವರು ಮೇ ತಿಂಗಳ ಪುಸ್ತಕ ತೆಗೆಯುತ್ತಾರೆ. ಅದು ಮದುವೆ ಕಾಲ. ಕೇಳಬೇಕಾದ್ದು ಆಷಾಢ, ಧನುರ್ಮಾಸಗಳೂ ಸೇರಿದ ಪೂರ್ತಿ ಹನ್ನೆರಡು ತಿಂಗಳ ಲೆಕ್ಕ. ಅದರ ಜೊತೆಗೆ ಕ್ಯೂಆರ್ ಕೋಡ್ ಜೋಡಣೆಯಾಗಿರುವ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್. ಕೈಬರಹದ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಬರೆಯಬಹುದು, ಯುಪಿಐ ಜಮೆಗಳನ್ನು ಹಾಗೆ ಬರೆಯಲಾಗದು. ನಗದಿನ ಪಾಲು ನಿಜವೇ ಎನ್ನುವುದಕ್ಕೆ ಕಾಸ್ಮೆಟಿಕ್ಸ್ ಅಂಗಡಿಯ ಖರೀದಿ ಬಿಲ್ಲುಗಳು ಸಾಕ್ಷಿ. ತಿಂಗಳಿಗೆ ಎರಡು ಡಬ್ಬಿ ವ್ಯಾಕ್ಸ್ ಕೊಂಡವರು ಇನ್ನೂರು ಜನರಿಗೆ ಕೈಕಾಲು ವ್ಯಾಕ್ಸ್ ಮಾಡಿದ್ದೇವೆಂದರೆ ನಂಬುವುದು ಕಷ್ಟ.

ರಿಜಿಸ್ಟರಿನ ಒಂದು ಮೂಲೆಯಲ್ಲಿ ಸಾಲವೂ ಅಡಗಿರುತ್ತದೆ. ಹತ್ತು ಫೇಶಿಯಲ್ಲಿಗೆ ಮೊದಲೇ ಹಣ ಕಟ್ಟಿ ನಾಲ್ಕು ಮಾಡಿಸಿಕೊಂಡವರು ಉಳಿದ ಆರಕ್ಕೆ ಬರುವುದು ಹೊಸಬರ ಬಳಿಗೆ. ಹಣ ಮಾತ್ರ ಹಳಬರ ಜೇಬು ಸೇರಿಯಾಗಿರುತ್ತದೆ. ಪ್ಯಾಕೇಜ್, ಮೆಂಬರ್‌ಶಿಪ್‌ಗಳ ಬಾಕಿಯನ್ನು ಹೆಸರುವಾರು ಪಟ್ಟಿ ಮಾಡಿಸಿ ಬೆಲೆಯಲ್ಲಿ ಕಳೆಯಬೇಕು. ಹೇರ್ ಕಲರ್ ಅಲರ್ಜಿಯ ಟಿಪ್ಪಣಿಗಳಿದ್ದರೆ ಅವೂ ಕೈಗೆ ಬರಬೇಕು. ಆದರೆ ಗಿರಾಕಿಗಳ ನಂಬರ್ ಮತ್ತು ಇಂಥ ವಿವರಗಳು ಅವರ ಖಾಸಗಿ ಮಾಹಿತಿ. 2023ರಲ್ಲಿ ಇದಕ್ಕೆಂದೇ ಕಾಯ್ದೆ ಬಂದಿದೆ. ಪಾರ್ಲರ್ ಕೈ ಬದಲಾಗುತ್ತಿದೆ ಎಂದು ಹಳೆಯ ಮಾಲೀಕರೇ ಗಿರಾಕಿಗಳಿಗೆ ತಿಳಿಸಿ ಒಪ್ಪಿಗೆ ಪಡೆಯುವುದು ಸರಿಯಾದ ದಾರಿ.

ಮೊದಲು ಹೇಳಿದ ಆರು ಲಕ್ಷವನ್ನೇ ಉದಾಹರಣೆಗೆ ಬಿಡಿಸೋಣ. ಅದರಲ್ಲಿ ಅಡ್ವಾನ್ಸ್ 2,00,000 ರೂಪಾಯಿ. ಸಾಮಾನಿನ ಸೆಕೆಂಡ್ ಹ್ಯಾಂಡ್ ಬೆಲೆ 1,10,000. ಉಳಿದ 2,90,000 ಹೋಗುವುದು ಹೆಸರಿಗೆ, ಗಿರಾಕಿಗೆ. ಪುಸ್ತಕದ ಪ್ರಕಾರ ಮೇ ತಿಂಗಳ ವ್ಯಾಪಾರ 1,45,000, ಆಷಾಢದ್ದು 62,000, ವರ್ಷದ ಸರಾಸರಿ 95,000. ಬಾಡಿಗೆ 22,000, ಇಬ್ಬರ ಸಂಬಳ 34,000, ಪ್ರಾಡಕ್ಟ್‌ಗಳು 14,000, ಕರೆಂಟು ನೀರು ಇತ್ಯಾದಿ 8,000 ಕಳೆದರೆ ತಿಂಗಳಿಗೆ ಉಳಿಯುವುದು 17,000. ಹೆಸರಿಗೆ ಕೊಟ್ಟ ಹಣ ವಾಪಸಾಗಲು ಹದಿನೇಳು ತಿಂಗಳು ಬೇಕು, ಅದೂ ಕೊಂಡವರು ತಮ್ಮ ದುಡಿಮೆಗೆ ಏನೂ ತೆಗೆದುಕೊಳ್ಳದಿದ್ದರೆ. ಕರಾರಿನಲ್ಲಿ ಉಳಿದಿರುವುದು ನಾಲ್ಕೇ ತಿಂಗಳಾದರೆ ಈ ಬೆಲೆಗೆ ಅರ್ಥವಿಲ್ಲ. ಪ್ಯಾಕೇಜ್ ಬಾಕಿ 90,000 ಇದ್ದು ಅದನ್ನು ಕಳೆದರೆ ಹೆಸರಿನ ಬೆಲೆ 2,00,000ಕ್ಕೆ ಇಳಿಯುತ್ತದೆ, ಹನ್ನೆರಡು ತಿಂಗಳ ಮಾತಾಗುತ್ತದೆ. ಆಗಲೂ ಎರಡು ಮೂರು ವರ್ಷದ ನೋಂದಾಯಿತ ಗುತ್ತಿಗೆ ಸಿಕ್ಕರೆ ಮಾತ್ರ ಮುಂದುವರಿಯುವುದು ಲೇಸು.

ಹಳೆಯ ಮಾಲೀಕರು ಪಕ್ಕದ ರಸ್ತೆಯಲ್ಲೇ ಮತ್ತೊಂದು ಪಾರ್ಲರ್ ತೆರೆದರೆ ಈ ಲೆಕ್ಕವೂ ತಲೆಕೆಳಗಾಗುತ್ತದೆ. ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಸಾಮಾನ್ಯವಾಗಿ ಊರ್ಜಿತವಲ್ಲ. ಆದರೆ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಗುಡ್‌ವಿಲ್ ಮಾರಾಟಕ್ಕೆ ವಿನಾಯಿತಿ ಕೊಡುತ್ತದೆ: ಇಂತಿಷ್ಟು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂದು ಅವರು ಬರೆದುಕೊಟ್ಟರೆ, ಮಿತಿ ನ್ಯಾಯವಾಗಿದ್ದಲ್ಲಿ, ಅದು ನಿಲ್ಲುತ್ತದೆ. ಆದ್ದರಿಂದ ಮಾರಾಟದ ಪತ್ರದಲ್ಲಿ ಸಾಮಾನಿನ ಬೆಲೆ ಒಂದು, ಗುಡ್‌ವಿಲ್ ಬೆಲೆ ಒಂದು ಎಂದು ಬೇರೆ ಬೇರೆ ಕಾಣಿಸಿ, ಪ್ರದೇಶ ಮತ್ತು ಅವಧಿಯನ್ನು ಸ್ಪಷ್ಟವಾಗಿ ಬರೆಸಬೇಕು. ಗುಡ್‌ವಿಲ್‌ನ ಒಂದು ಪಾಲನ್ನು ಮೂರು ತಿಂಗಳ ನಂತರ ಕೊಡುವುದೆಂದು ಒಪ್ಪಿಸಿಕೊಂಡರೆ, ಅಷ್ಟರಲ್ಲಿ ಪಟ್ಟಿಯಲ್ಲಿಲ್ಲದ ಪ್ಯಾಕೇಜ್ ಹಿಡಿದು ಬಂದವರ ಬಾಕಿಯನ್ನು ಅದರಲ್ಲೇ ಮುರಿದುಕೊಳ್ಳಬಹುದು.